ಬಿಸಿ ಚಾಕಲೇಟಿನಲ್ಲಿ ಗಂಟು ಯಾಕೆ?

ಮಳೆಗಾಲದ ಒಂದು ಸಂಜೆ ತೆಕ್ಕಟ್ಟೆಯ ಒಂದು ಮನೆಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ನಮಗೆ ಬಿಸಿ ಚಾಕಲೇಟಿನ ಪಾನವನ್ನು ಪ್ರೀತಿಯಿಂದ ತಂದುಕೊಟ್ಟಳು. ಲೋಟದ ಮೇಲೆ ಕಂದುಬಣ್ಣದ ಗಂಟುಗಳು ತೇಲುತ್ತಿದ್ದವು. ಅವಳ ತಾಯಿಯವರು ನಾಚಿಕೊಂಡು, "ಪುಡಿಯೇ ಸರಿಯಿಲ್ಲ ಟೀಚರೇ, ಇನ್ನು ಚಾಕಲೇಟನ್ನೇ ಕರಗಿಸಿ ಮಾಡಬೇಕು" ಎಂದರು. ಈ ತೀರ್ಪನ್ನು ನಾವು ಒಪ್ಪಲಾರೆವು.

ಒಂದು ಗಂಟನ್ನು ಚಮಚದಿಂದ ಲೋಟದ ಅಂಚಿಗೆ ಒತ್ತಿ ನೋಡಿದೆವು. ಒಳಗೆ ಒಣಪುಡಿಯೇ ಇತ್ತು. ಕೋಕೋ ಸಕ್ಕರೆಯಂತೆ ಕರಗುವ ವಸ್ತುವಲ್ಲ, ಹಾಲಿನಲ್ಲಿ ನೆನೆದು ಹರಡಿಕೊಳ್ಳುವಂಥದು. ಕುದಿಯುವ ಹಾಲಿಗೆ ಸುರಿದರೆ ಮುದ್ದೆಯ ಹೊರಮೈ ಕೂಡಲೆ ನೆನೆದು ಅಂಟಾಗುತ್ತದೆ, ಒಳಕ್ಕೆ ಹಾಲು ಹೋಗುವದಿಲ್ಲ. ರಾಗಿಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡದೆ ಕುದಿನೀರಿಗೆ ಹಾಕುವ ಹೆಂಗಸು ನಮ್ಮ ಸೀಮೆಯಲ್ಲಿ ಉಂಟೇ? ಕೋಕೋವಿಗೆ ಮಾತ್ರ ಆ ಜಾಣತನವನ್ನು ಮರೆಯುವದೇಕೆ?

ಚಾಕಲೇಟಿಗೂ ಅದರದೇ ತಂಟೆಯುಂಟು. ಕರಗಿಸುವಾಗ ಮುಚ್ಚಳದಿಂದ ನಾಲ್ಕು ಹನಿ ನೀರು ಬಿದ್ದರೆ ಸಾಕು, ಅದರಲ್ಲಿನ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಎಲ್ಲವೂ ಮರಳಿನಂತೆ ಬಿಗಿದುಕೊಳ್ಳುತ್ತದೆ. ವಿಚಿತ್ರವೇನಂದರೆ, ಕೆಡಿಸಿದ್ದು ಸ್ವಲ್ಪ ದ್ರವ, ಸರಿಪಡಿಸುವದು ಹೆಚ್ಚು ದ್ರವ: ಬಿಸಿಹಾಲನ್ನು ಚಮಚ ಚಮಚವಾಗಿ ಹಾಕಿ ತಿರುವಿದರೆ ಅದು ಪುನಃ ನುಣುಪಾಗುತ್ತದೆ. ಹೆಚ್ಚು ಉರಿಯಿಂದ ಸೀದದ್ದಾದರೆ ಉಪಾಯವಿಲ್ಲ. ಆದದರಿಂದ ಪಾನಕ್ಕಾಗಿ ಚಾಕಲೇಟನ್ನು ಬೇರೆಯಾಗಿ ಕರಗಿಸುವ ಗೋಜೇ ಬೇಡವೆಂಬುದು ನಮ್ಮ ಮತ.

ಎರಡರಲ್ಲಿ ಯಾವುದು ಮೇಲು? ಕೋಕೋ ಬೀಜದ ಬೆಣ್ಣೆಯನ್ನು ಬಹುಮಟ್ಟಿಗೆ ಹಿಂಡಿ ತೆಗೆದ ಮೇಲೆ ಉಳಿಯುವದು ಪುಡಿ. ಆದಕಾರಣ ಅದರಲ್ಲಿ ರುಚಿ ಗಾಢ, ಮೈ ತೆಳು. ಚಾಕಲೇಟಿನಲ್ಲಿ ಆ ಬೆಣ್ಣೆ ಇರುವದರಿಂದ ಪಾನಕ್ಕೆ ದಪ್ಪವೂ ನಯವೂ ಬರುತ್ತವೆ. ನಮ್ಮ ಜಿಲ್ಲೆಗೆ ತೆಂಕಲಾಗಿ, ದಕ್ಷಿಣ ಕನ್ನಡದ ಅಡಿಕೆತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. 1986ರಿಂದ ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆಯಲ್ಲಿ ಚಾಕಲೇಟು ತಯಾರಾಗುತ್ತಿದೆ. ಒಂದೇ ಬೀಜದ ಈ ಎರಡು ಮಕ್ಕಳನ್ನು ನಾವು ಕೂಡಿಸಿಯೇ ಉಪಯೋಗಿಸುತ್ತೇವೆ.

ಆ ಸಂಜೆ ಅದೇ ಒಲೆಯಲ್ಲಿ ಮಾಡಿ ತೋರಿಸಿದ್ದು ಹೀಗೆ. ಎರಡು ಲೋಟಕ್ಕೆ 400 ಮಿಲಿಲೀಟರ್ ಹಾಲು, ಸಿಹಿಯಿಲ್ಲದ ಕೋಕೋ ಒಂದು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ, ಸಣ್ಣಗೆ ಹೆಚ್ಚಿದ ಕಪ್ಪು ಚಾಕಲೇಟು 60 ಗ್ರಾಂ. ಪುಡಿಯನ್ನೂ ಸಕ್ಕರೆಯನ್ನೂ ಒಣದಾಗಿಯೇ ಬೆರೆಸಿದೆವು. ಸಕ್ಕರೆಯ ಹರಳುಗಳು ಪುಡಿಯ ಕಣಗಳನ್ನು ಬಿಡಿಸುತ್ತವೆ. ಮೂರು ಚಮಚ ಬೆಚ್ಚನೆಯ ಹಾಲು ಹಾಕಿ, ಚಮಚದ ಬೆನ್ನಿಗೆ ಒಣಪುಡಿ ಕಾಣದಷ್ಟು ಅರೆದೆವು. ತರುವಾಯ ಉಳಿದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿ, ಹಬೆ ಏಳುವ ತನಕ ಕಾಯಿಸಿ, ಕೆಳಗಿಳಿಸಿ ಚಾಕಲೇಟು ಹಾಕಿದೆವು. ಒಂದು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ತಿರುವಿ, ಮತ್ತೆ ಸಣ್ಣ ಉರಿಯಲ್ಲಿ ಮೂರು ನಿಮಿಷ ಇಟ್ಟೆವು. ಕೋಕೋದಲ್ಲಿನ ಪಿಷ್ಟವು ಆಗ ಉಬ್ಬಿ ಪಾನವು ಇನ್ನಷ್ಟು ಗಟ್ಟಿಯಾಗುತ್ತದೆ.

ಪುಡಿಯ ಡಬ್ಬಿ ಅದೇ, ಬೇರೆ ತರಿಸಲಿಲ್ಲ. ತಾಯಿಯವರು ಲೋಟದ ತಳವನ್ನು ಬೆಳಕಿಗೆ ಹಿಡಿದು ನೋಡಿ ಗಂಟು ಹುಡುಕಿದರು.