ಭಾಗಿಸುವಾಗ ಹೊರಗೆ, ಎಣಿಸುವಾಗ ಒಳಗೆ

ಬೇಸಿಗೆ ಮತ್ತು ಚಳಿಗಾಲದ ರಜೆಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಹಾಗೂ ತಾಂತ್ರಿಕ ಸಂಸ್ಥೆಗಳು ನಡೆಸುವ ಅಲ್ಪಾವಧಿ ಕಾರ್ಯಾಗಾರಗಳ ಪ್ರಕಟಣೆಗಳಲ್ಲಿ ಮೂರು ವಾಕ್ಯಗಳು ಬಹುತೇಕ ಒಂದೇ ರೂಪದಲ್ಲಿ ಕಾಣಿಸುತ್ತವೆ. ಸರ್ಕಾರಿ ನಿಯಮಾನುಸಾರ ಮೀಸಲಾತಿ ಇರುತ್ತದೆ. ಅರ್ಹ ಅಭ್ಯರ್ಥಿಗಳಿಗೆ ಶುಲ್ಕ ವಿನಾಯಿತಿ ಇರುತ್ತದೆ. ಪ್ರಾಯೋಜಿತ ಅಭ್ಯರ್ಥಿಗಳಿಗಾಗಿ ಕೆಲವು ಸೀಟುಗಳನ್ನು ಕಾಯ್ದಿರಿಸಲಾಗಿದೆ. ಪ್ರತ್ಯೇಕವಾಗಿ ಓದಿದರೆ ಈ ಮೂರರಲ್ಲಿ ಯಾವುದೂ ಆಕ್ಷೇಪಾರ್ಹವಲ್ಲ. ಆದರೆ ಸೀಟು ಹಂಚಿಕೆಯ ದಿನ ಮೂರನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿ ಕಳೆಯುವ ಪದ್ಧತಿಯು ಮೊದಲ ವಾಕ್ಯದ ಭರವಸೆಯನ್ನು ಕಾಗದದ ಮೇಲೆ ಉಳಿಸಿ, ಅದರ ಸತ್ವವನ್ನು ಕ್ರಮೇಣ ಬರಿದು ಮಾಡುತ್ತಿದೆ ಎಂಬುದು ಈ ಪತ್ರಿಕೆಯ ಅಭಿಪ್ರಾಯ.

ಲೆಕ್ಕವನ್ನು ಒಂದು ನಿದರ್ಶನದಲ್ಲಿಟ್ಟು ನೋಡೋಣ. ಕೇಂದ್ರೀಯ ಸಂಸ್ಥೆಯೊಂದರಲ್ಲಿ 40 ಸೀಟುಗಳ ಕಾರ್ಯಾಗಾರ ನಡೆಯುತ್ತದೆ ಎಂದಿಟ್ಟುಕೊಳ್ಳಿ. 2006ರ ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಪ್ರವೇಶ ಮೀಸಲಾತಿ ಕಾಯ್ದೆಯು ಪರಿಶಿಷ್ಟ ಜಾತಿಗೆ ಶೇ 15 ಮತ್ತು ಪರಿಶಿಷ್ಟ ಪಂಗಡಕ್ಕೆ ಶೇ 7.5ರ ಪ್ರಮಾಣವನ್ನು ನಿಗದಿಪಡಿಸಿದೆ. ಆ ಪ್ರಕಾರ 40ರಲ್ಲಿ ಪರಿಶಿಷ್ಟ ಜಾತಿಗೆ 6, ಪರಿಶಿಷ್ಟ ಪಂಗಡಕ್ಕೆ 3 ಸೀಟುಗಳು ಸಲ್ಲಬೇಕು. ಆದರೆ ಸಂಯೋಜಕರು ಪ್ರಾಯೋಜಕರಿಗೆಂದು 12 ಸೀಟುಗಳನ್ನು ಮೊದಲೇ ತೆಗೆದಿಟ್ಟು, ಉಳಿದ 28ರ ಮೇಲೆ ಪ್ರಮಾಣವನ್ನು ಹಾಕುತ್ತಾರೆ. 6 ಇದ್ದದ್ದು 4 ಆಗುತ್ತದೆ, 3 ಇದ್ದದ್ದು 2 ಆಗುತ್ತದೆ. ಭಿನ್ನಾಂಕಗಳನ್ನು ಕೆಳಕ್ಕೆ ಸರಿಹೊಂದಿಸುವ ರೂಢಿಯಿಂದಾಗಿ ಕೂಟ ಚಿಕ್ಕದಾದಷ್ಟೂ ನಷ್ಟ ಹೆಚ್ಚುತ್ತದೆ.

ಪರಿಶಿಷ್ಟ ಜಾತಿಯ ಆ ನಾಲ್ಕು ಸೀಟುಗಳ ಮುಂದಿನ ಗತಿಯನ್ನೂ ಗಮನಿಸಬೇಕು. 12 ಪ್ರಾಯೋಜಿತ ಅಭ್ಯರ್ಥಿಗಳಲ್ಲಿ ಇಬ್ಬರು ಸರ್ಕಾರಿ ಇಲಾಖೆಯೊಂದರ ವೆಚ್ಚದಲ್ಲಿ ಬಂದಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಾಗಿದ್ದಾರೆ. ಕಚೇರಿಯು ಅವರನ್ನು ಮೀಸಲು ಭರ್ತಿಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ನಾಲ್ಕರಲ್ಲಿ ಉಳಿದದ್ದು ಎರಡು. ಆಯ್ಕೆ ಪರೀಕ್ಷೆಯಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿಯೊಬ್ಬಳು ಎಲ್ಲರ ನಡುವೆ ಎಂಟನೆಯ ಸ್ಥಾನ ಪಡೆದಿದ್ದಾಳೆ. ಸಾಮಾನ್ಯ ಪಟ್ಟಿಯಲ್ಲಿಯೇ ಸೀಟು ಪಡೆಯುವ ಅರ್ಹತೆ ಅವಳಿಗಿದೆ. ಆದರೆ ಶುಲ್ಕ ವಿನಾಯಿತಿ ಕೋರಿ ಅರ್ಜಿ ಸಲ್ಲಿಸಿದ್ದಾಳೆಂಬ ಒಂದೇ ಕಾರಣಕ್ಕೆ ಅವಳ ಹೆಸರನ್ನು ಮೀಸಲು ಪಟ್ಟಿಗೆ ವರ್ಗಾಯಿಸಲಾಗುತ್ತದೆ. ಈಗ ಉಳಿದದ್ದು ಒಂದು. ಕಾಲೇಜಿನ ಶಿಫಾರಸಾಗಲಿ ಪ್ರಾಯೋಜಕರ ಪತ್ರವಾಗಲಿ ಇಲ್ಲದೆ ಮೀಸಲಾತಿಯೊಂದನ್ನೇ ನಂಬಿ ಅರ್ಜಿ ಹಾಕಿದ ವಿದ್ಯಾರ್ಥಿಗಳ ಪಾಲಿಗೆ ಆರು ಸೀಟು ಒಂದಾಗಿರುತ್ತದೆ. ಆದರೂ ವರದಿಯಲ್ಲಿ ನಾಲ್ಕಕ್ಕೆ ನಾಲ್ಕೂ ಭರ್ತಿ ಎಂದು ದಾಖಲಾಗುತ್ತದೆ; ಅಂಕಗಣಿತದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ.

ತಪ್ಪಿರುವುದು ಅಂಕಗಣಿತದ ಹಿಂದಿನ ಭಾವನೆಯಲ್ಲಿ. ಯಾರು ಒಳಬರಬೇಕು ಎಂಬುದು ಮೀಸಲಾತಿಯ ಪ್ರಶ್ನೆ. ಯಾರು ಹಣ ಕೊಡುತ್ತಾರೆ ಎಂಬುದು ಪ್ರಾಯೋಜನೆಯ ಪ್ರಶ್ನೆ. ಎಷ್ಟು ಹಣ ಬಿಡಬೇಕು ಎಂಬುದು ವಿನಾಯಿತಿಯ ಪ್ರಶ್ನೆ. ಸೀಟುಗಳನ್ನು ಭಾಗಿಸುವಾಗ ಪ್ರಾಯೋಜಿತರನ್ನು ಹೊರಗಿಟ್ಟವರು, ತಲೆಗಳನ್ನು ಎಣಿಸುವಾಗ ಅದೇ ಪ್ರಾಯೋಜಿತರನ್ನು ಒಳಗೆ ತರುವುದು ಯಾವ ತತ್ತ್ವಕ್ಕೂ ಹೊಂದದು. ಪ್ರಾಯೋಜಿತ ಸೀಟುಗಳು ಒಟ್ಟು ಸಂಖ್ಯೆಗೆ ಸೇರಿದವು ಎಂದಾದರೆ 40ರ ಮೇಲೆಯೇ ಪ್ರಮಾಣ ಹಾಕಬೇಕು. ಅವು ಪ್ರತ್ಯೇಕ ಎಂದಾದರೆ ಆ ಇಬ್ಬರು ವಿದ್ಯಾರ್ಥಿಗಳನ್ನು ಮೀಸಲು ಭರ್ತಿಯಲ್ಲಿ ತೋರಿಸುವ ಅಧಿಕಾರ ಸಂಸ್ಥೆಗಿಲ್ಲ. ಇಲಾಖೆಯೊಂದು ತನ್ನ ಬೊಕ್ಕಸದಿಂದ ಹಣ ಕೊಟ್ಟು ಕಳುಹಿಸಿದ ವಿದ್ಯಾರ್ಥಿಯಿಂದ ಸಂಸ್ಥೆಗೆ ಪೂರ್ಣ ಶುಲ್ಕವೇ ಬಂದಿದೆ. ಆ ಹಣವನ್ನೂ ಪಡೆದು, ಅದೇ ವಿದ್ಯಾರ್ಥಿಯನ್ನು ತೋರಿಸಿ ಮತ್ತೊಬ್ಬ ವಿದ್ಯಾರ್ಥಿಯ ಸೀಟನ್ನು ರದ್ದುಪಡಿಸುವುದು ಇಲಾಖೆಯ ಆಶಯಕ್ಕೂ ದ್ರೋಹ.

ಎಂಟನೆಯ ಸ್ಥಾನದ ವಿದ್ಯಾರ್ಥಿನಿಯ ವಿಷಯ ಇನ್ನಷ್ಟು ಗಂಭೀರವಾದದ್ದು. ಮೀಸಲು ವರ್ಗದ ಅಭ್ಯರ್ಥಿಯು ಸ್ವಂತ ಅರ್ಹತೆಯಿಂದ ಸಾಮಾನ್ಯ ಪಟ್ಟಿಯಲ್ಲಿ ಸ್ಥಾನ ಪಡೆದರೆ ಅದನ್ನು ಮೀಸಲು ಪ್ರಮಾಣಕ್ಕೆ ಸೇರಿಸಬಾರದೆಂಬುದು 1992ರ ಇಂದ್ರಾ ಸಾಹ್ನಿ ತೀರ್ಪಿನಿಂದ ಈಚೆಗೆ ದೃಢವಾಗಿ ನೆಲೆಗೊಂಡ ತತ್ತ್ವ. ಮುಕ್ತ ವರ್ಗ ಎಂಬುದು ಯಾವುದೇ ಸಮುದಾಯಕ್ಕೆ ಮೀಸಲಾದ ಪಾಲಲ್ಲ, ಅದು ಎಲ್ಲರಿಗೂ ತೆರೆದದ್ದು ಎಂಬುದನ್ನು 2020ರ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿತು. ಶುಲ್ಕ ರಿಯಾಯಿತಿ ಪಡೆದವರ ಪ್ರಶ್ನೆಯೇ ನೇರವಾಗಿ ಎದುರಾದದ್ದು 2010ರಲ್ಲಿ ತೀರ್ಮಾನವಾದ ಉತ್ತರ ಪ್ರದೇಶದ ಜಿತೇಂದ್ರ ಕುಮಾರ್ ಸಿಂಗ್ ಪ್ರಕರಣದಲ್ಲಿ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಗೆ ಸಂಬಂಧಿಸಿದ ಆ ತೀರ್ಪಿನಲ್ಲಿ, ಅರ್ಜಿ ಶುಲ್ಕ ಮತ್ತು ವಯೋಮಿತಿಯ ರಿಯಾಯಿತಿಗಳು ಅಭ್ಯರ್ಥಿಯನ್ನು ಸ್ಪರ್ಧೆಯ ಅಂಗಳಕ್ಕೆ ಕರೆತರುತ್ತವೆಯೇ ಹೊರತು ಸ್ಪರ್ಧೆಯ ಮಾನದಂಡವನ್ನು ಸಡಿಲಿಸುವುದಿಲ್ಲ ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಆ ತೀರ್ಪು ಆ ರಾಜ್ಯದ ಕಾಯ್ದೆ ಮತ್ತು ಸೂಚನೆಗಳ ಆಧಾರದ ಮೇಲೆ ನಿಂತದ್ದು ಎಂಬುದೂ, ಸಡಿಲಿಸಿದ ವಯೋಮಿತಿಯ ಲಾಭ ಪಡೆದವರು ಸಾಮಾನ್ಯ ಪಟ್ಟಿಗೆ ಬರಲಾಗದೆಂದು ನಿಯಮವೇ ಹೇಳಿದ್ದ ಸಂದರ್ಭದಲ್ಲಿ ಅದೇ ನ್ಯಾಯಾಲಯ 2017ರಲ್ಲಿ ಆ ನಿಯಮವನ್ನೇ ಎತ್ತಿಹಿಡಿಯಿತು ಎಂಬುದೂ ನಿಜ. ಆದರೆ ಕಾರ್ಯಾಗಾರದ ಪ್ರಕಟಣೆಗಳಲ್ಲಿ ಶುಲ್ಕ ವಿನಾಯಿತಿ ಪಡೆದವರು ಸಾಮಾನ್ಯ ಸೀಟಿಗೆ ಅನರ್ಹರೆಂಬ ಷರತ್ತು ಎಲ್ಲಿಯೂ ಇರುವುದಿಲ್ಲ. ಬರೆದಿರದ ಷರತ್ತನ್ನು ಹಂಚಿಕೆಯ ಹೊತ್ತಿಗೆ ಹೊಸದಾಗಿ ಹೇರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬಡತನವನ್ನು ಅರ್ಜಿಯಲ್ಲಿ ಪ್ರಾಮಾಣಿಕವಾಗಿ ನಮೂದಿಸಿದ್ದಕ್ಕೆ ವಿದ್ಯಾರ್ಥಿನಿಯು ತನ್ನ ರ‍್ಯಾಂಕಿನ ಬೆಲೆಯನ್ನೂ, ಅವಳ ಸಮುದಾಯದ ಮತ್ತೊಬ್ಬ ವಿದ್ಯಾರ್ಥಿ ತನ್ನ ಸೀಟನ್ನೂ ಕಳೆದುಕೊಳ್ಳಬೇಕಾಗಿ ಬರುವುದು ಯಾವ ವಿದ್ಯಾಸಂಸ್ಥೆಗೂ ಶೋಭೆ ತರುವುದಿಲ್ಲ.

ಸೀಟು ಸಿಕ್ಕವರಿಗೂ ವಿನಾಯಿತಿ ಸುಲಭವಾಗಿ ಕೈಗೆ ಬರುವುದಿಲ್ಲ. ಶುಲ್ಕ ಪಾವತಿಯ ಪೋರ್ಟಲ್‌ನಲ್ಲಿ ಶೂನ್ಯ ಶುಲ್ಕದ ಆಯ್ಕೆಯೇ ಇರುವುದಿಲ್ಲ. ಮೊದಲು ಪೂರ್ಣ ಮೊತ್ತ ಕಟ್ಟಿ, ಕಾರ್ಯಾಗಾರ ಮುಗಿದ ಮೇಲೆ ರಸೀದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಪ್ರತಿ ಹಾಗೂ ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟವನ್ನು ಸಲ್ಲಿಸಿ ಮರುಪಾವತಿ ಕೋರಬೇಕೆಂದು ತಿಳಿಸಲಾಗುತ್ತದೆ. ಸಂಜೆ ಪಟ್ಟಿ ಪ್ರಕಟವಾಗಿ ಮರುದಿನ ಸಂಜೆಯೊಳಗೆ ಹಣ ತುಂಬಬೇಕೆಂದರೆ, ವಿನಾಯಿತಿಗೆ ಅರ್ಹನಾದ ವಿದ್ಯಾರ್ಥಿಯು ಅದೇ ಕಾರಣಕ್ಕೆ ಆ ಹಣವನ್ನು ಹೊಂದಿಸಲಾರದವನು ಎಂಬ ಸರಳ ಸಂಗತಿಯನ್ನು ಕಚೇರಿ ಮರೆತಿದೆ ಎಂದೇ ಅರ್ಥ. ನಾಡಕಚೇರಿಯಲ್ಲಿ ಪಡೆದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲೇ ನಮೂದಿಸಿದ್ದರೂ, ಕೇಂದ್ರ ಸರ್ಕಾರದ ನಮೂನೆಯಲ್ಲಿ ಮತ್ತೊಂದು ಪ್ರತಿ ತರುವಂತೆ ಕೊನೆಯ ಗಳಿಗೆಯಲ್ಲಿ ಹೇಳಿದರೆ ಊರಿಗೆ ಹೋಗಿ ತಹಶೀಲ್ದಾರರ ಸಹಿ ಪಡೆದು ಮರಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮಾನ್ಯತೆ ಪಡೆದ ಕೋರ್ಸುಗಳಿಗೆ ಸಲ್ಲುವಂಥದ್ದು. ಹತ್ತು ಹದಿನೈದು ದಿನಗಳ ಕಾರ್ಯಾಗಾರದ ವೆಚ್ಚಕ್ಕೆ ಅದು ಆಸರೆಯಾಗದು. ಹಣ ತುಂಬದವರ ಸೀಟನ್ನು ಅಭ್ಯರ್ಥಿ ಬಾರದ ಸೀಟು ಎಂದು ಬರೆದು, ಪೂರ್ಣ ಶುಲ್ಕ ಕಟ್ಟಲು ಸಿದ್ಧರಿರುವ ಕಾಯುವ ಪಟ್ಟಿಯವರಿಗೆ ನೀಡಲಾಗುತ್ತದೆ. ಮುಂದಿನ ವರ್ಷದ ಸಭೆಯಲ್ಲಿ ಇದೇ ದಾಖಲೆಯನ್ನು ಮುಂದಿಟ್ಟು, ಮೀಸಲು ಸೀಟುಗಳಿಗೆ ಬೇಡಿಕೆ ಇಲ್ಲವೆಂಬ ಅಭಿಪ್ರಾಯವನ್ನು ಮಂಡಿಸಲಾಗುತ್ತದೆ.

ಪ್ರಾಯೋಜಕರ ಹಣವಿಲ್ಲದೆ ಕಾರ್ಯಾಗಾರವೇ ನಡೆಯದು, ನಡೆಯದಿದ್ದರೆ ಯಾರಿಗೂ ಸೀಟಿಲ್ಲ ಎಂಬ ಸಂಯೋಜಕರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಂಪನ್ಮೂಲ ವ್ಯಕ್ತಿಗಳ ಗೌರವಧನ, ಪ್ರಯೋಗಾಲಯದ ಸಾಮಗ್ರಿ, ವಸತಿ, ಊಟ ಇವೆಲ್ಲಕ್ಕೂ ಹಣ ಬೇಕು. ಅನೇಕ ವಿಭಾಗಗಳಿಗೆ ಆಂತರಿಕ ಅನುದಾನ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಈ ವಾದದಿಂದ ಪ್ರಾಯೋಜಿತ ಸೀಟುಗಳ ಅಗತ್ಯ ಸಿದ್ಧವಾಗಬಹುದೇ ಹೊರತು, ಅವು ಮೀಸಲು ಸೀಟುಗಳ ನೆಲವನ್ನೇ ಕೊರೆಯಬೇಕೆಂಬುದು ಸಿದ್ಧವಾಗುವುದಿಲ್ಲ. ಪರಿಹಾರದ ಮಾದರಿ ನಮ್ಮ ರಾಜ್ಯದ ಪೋಷಕರಿಗೆಲ್ಲ ಪರಿಚಿತವಾದದ್ದೇ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಬೋಧನಾ ಶುಲ್ಕ ವಿನಾಯಿತಿ ಯೋಜನೆಯಲ್ಲಿ, ನಮ್ಮ ಸಿಇಟಿ ಪರಿಭಾಷೆಯ ಎಸ್‌ಎನ್‌ಕ್ಯೂ ಸೀಟುಗಳಲ್ಲಿ, ಮಂಜೂರಾದ ಸಂಖ್ಯೆಯ ಶೇ 5ರಷ್ಟನ್ನು ಹೆಚ್ಚುವರಿಯಾಗಿ ಸೃಷ್ಟಿಸಲಾಗುತ್ತದೆ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕವನ್ನು ಬಿಡಲಾಗುತ್ತದೆ. ಇತರ ಶುಲ್ಕಗಳು ಇರುತ್ತವೆ. ಆ ಯೋಜನೆಗೂ ಮಿತಿಗಳಿವೆ. ಆದರೆ ಅದು ಮೀಸಲು ಸೀಟುಗಳನ್ನು ಮುಟ್ಟದೆ ಅವುಗಳ ಪಕ್ಕದಲ್ಲಿ ನಿಲ್ಲುತ್ತದೆ, ಹಂಚಿಕೆಗೆ ಮುನ್ನವೇ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಪ್ರತ್ಯೇಕವಾಗಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಪ್ರಾಯೋಜಿತ ಸೀಟುಗಳಿಗೂ ಇದೇ ಶಿಸ್ತು ಸಾಧ್ಯ. ಪ್ರಯೋಗಾಲಯದಲ್ಲಿ 40 ಜನರಿಗಷ್ಟೇ ಜಾಗವಿದ್ದರೆ, ಪ್ರಾಯೋಜಕರಿಗೆ ಕೊಟ್ಟು ಮಿಕ್ಕದ್ದನ್ನು ಹಂಚುವ ಬದಲು 40ರ ಮೇಲೆ ಮೀಸಲು ಪ್ರಮಾಣವನ್ನು ನಿಗದಿಪಡಿಸಿ, ಪ್ರಾಯೋಜಕರ ಪಾಲನ್ನು ಸಾಮಾನ್ಯ ಸೀಟುಗಳಿಂದ ತೆಗೆಯುವ ಪ್ರಾಮಾಣಿಕತೆಯಾದರೂ ಇರಲಿ. ಸಾಮಾನ್ಯ ವರ್ಗದವರು ಆಗ ಆಕ್ಷೇಪಿಸುತ್ತಾರೆ. ಆ ಆಕ್ಷೇಪವನ್ನು ಸಂಸ್ಥೆ ಬಹಿರಂಗವಾಗಿ ಎದುರಿಸಲಿ. ಇಂದಿನ ಪದ್ಧತಿಯ ದೋಷವೆಂದರೆ ನಷ್ಟ ಅನುಭವಿಸುವವರಿಗೆ ತಮಗೆ ನಷ್ಟವಾಗಿದೆ ಎಂಬುದೇ ತಿಳಿಯದಂತಿರುವುದು.

ಅಲ್ಪಾವಧಿ ಕಾರ್ಯಾಗಾರವು ಪದವಿ ಪ್ರವೇಶವಲ್ಲ, ಆದ್ದರಿಂದ 2006ರ ಕಾಯ್ದೆ ಇದಕ್ಕೆ ಅನ್ವಯಿಸುವುದಿಲ್ಲ ಎಂಬ ಕಾನೂನಿನ ಆಸರೆಯನ್ನು ಕೆಲವರು ಹಿಡಿಯಬಹುದು. ಆ ಕಾಯ್ದೆ ಪ್ರತಿಯೊಂದು ಅಧ್ಯಯನ ಶಾಖೆಯ ವಾರ್ಷಿಕ ಅನುಮತಿತ ಸಂಖ್ಯೆಯ ಬಗ್ಗೆ ಮಾತನಾಡುತ್ತದೆ ಎಂಬುದು ನಿಜ. ಆದರೆ ಯಾರ ಒತ್ತಾಯವೂ ಇಲ್ಲದೆ ತನ್ನ ಪ್ರಕಟಣೆಯಲ್ಲಿ ಸರ್ಕಾರಿ ನಿಯಮಾನುಸಾರ ಮೀಸಲಾತಿ ಎಂದು ಮುದ್ರಿಸಿದ ಸಂಸ್ಥೆಯನ್ನು ಅದರ ಮಾತೇ ಕಟ್ಟಿಹಾಕುತ್ತದೆ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಆ ವಾಕ್ಯವನ್ನು ಪ್ರಾಯೋಜಕರ ಮುಂದೆ ಅಲಂಕಾರವಾಗಿಯೂ ವಿದ್ಯಾರ್ಥಿಗಳ ಮುಂದೆ ಬದ್ಧತೆಯಿಲ್ಲದ ಸೂಚನೆಯಾಗಿಯೂ ಬಳಸಲಾಗದು.

ಹೊಣೆಯನ್ನು ಕಿರಿಯ ಸಹಾಯಕರ ತಲೆಗೆ ಕಟ್ಟುವುದು ಇಂಥ ಪ್ರಕರಣಗಳ ಹಳೆಯ ರೂಢಿ. ಕೋಷ್ಟಕವನ್ನು ಟೈಪ್ ಮಾಡಿದವರು ಅದನ್ನು ರೂಪಿಸಿದವರಲ್ಲ. ಪ್ರಾಯೋಜಕರೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಸಂಯೋಜಕರು, ಸೀಟು ವಿಂಗಡಣೆಗೆ ಅನುಮೋದನೆ ನೀಡಿದ ವಿಭಾಗದ ಮುಖ್ಯಸ್ಥರು, ಮರುಪಾವತಿಯ ಕ್ರಮವನ್ನು ವಿಧಿಸಿದ ಹಣಕಾಸು ಅಧಿಕಾರಿ ಮತ್ತು ಭರ್ತಿಯ ವರದಿಯನ್ನು ಪ್ರಶ್ನಿಸದೆ ಸ್ವೀಕರಿಸಿದ ಕುಲಸಚಿವರು ಇದಕ್ಕೆ ಉತ್ತರದಾಯಿಗಳು. ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೋಶವಿದ್ದೂ ಹಂಚಿಕೆಯ ಕಡತವು ಅದರ ಮುಂದೆ ಹಾದು ಹೋಗದಿದ್ದರೆ, ಆ ಕೋಶ ಇರುವುದೇಕೆಂಬುದಕ್ಕೂ ಅವರೇ ಉತ್ತರ ಹೇಳಬೇಕು.

ಮುಂದಿನ ಕಾರ್ಯಾಗಾರಕ್ಕೆ ಅರ್ಜಿ ಕರೆಯುವ ಮುನ್ನ ಈ ಸಂಸ್ಥೆಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಟ್ಟು ಸೀಟು, ಪ್ರಾಯೋಜಿತ ಸೀಟು ಮತ್ತು ಮೀಸಲು ಸೀಟುಗಳ ಸಂಖ್ಯೆಗಳನ್ನು ಪ್ರಕಟಣೆಯಲ್ಲೇ ತೋರಿಸಲಿ. ವಿನಾಯಿತಿ ಮಂಜೂರಾದವರಿಂದ ಮುಂಗಡ ಹಣ ಕೇಳುವುದನ್ನು ನಿಲ್ಲಿಸಲಿ. ಆಯ್ಕೆ ಪಟ್ಟಿಯಲ್ಲಿ ಪ್ರತಿ ಅಭ್ಯರ್ಥಿಯ ಎದುರು ಅವರಿಗೆ ಸೀಟು ದೊರೆತ ವರ್ಗವನ್ನು ನಮೂದಿಸಲಿ. ಕಳೆದ ವರ್ಷಗಳಲ್ಲಿ ಅರ್ಹತೆಯಿಂದ ಸ್ಥಾನ ಪಡೆದೂ ಮೀಸಲು ಪಟ್ಟಿಗೆ ತಳ್ಳಲ್ಪಟ್ಟವರ ಹೆಸರುಗಳು ಅವೇ ಕಡತಗಳಲ್ಲಿವೆ. ಅವರಿಂದಾಗಿ ಸೀಟು ತಪ್ಪಿದವರಿಗೆ ಮುಂದಿನ ತಂಡದಲ್ಲಿ ಶುಲ್ಕವಿಲ್ಲದೆ ಪ್ರವೇಶ ನೀಡುವ ಆದೇಶ ಹೊರಡಿಸುವುದು ಕುಲಸಚಿವರ ಅಧಿಕಾರದಲ್ಲೇ ಇದೆ, ಮತ್ತು ಅದು ಈ ಶೈಕ್ಷಣಿಕ ವರ್ಷದೊಳಗೇ ಆಗಬೇಕು.