ಕಟ್ಟದ ಮಹಡಿಗೆ ಕಂತು

ಮುಂಬೈಯ ಜೋಗೇಶ್ವರಿಯಲ್ಲಿ ಹೊಸ ಕಟ್ಟಡಕ್ಕೆ ಖಾಲಿ ಜಾಗ ಸಿಗುವುದು ಅಪರೂಪ. ಹೆಚ್ಚಿನ ಕಡೆ ಹಳೆಯ ಸೊಸೈಟಿಯನ್ನೋ ಚಾಳನ್ನೋ ಮ್ಹಾಡಾ ಕಾಲನಿಯನ್ನೋ ಕೆಡವಿ, ಅದೇ ಜಾಗದಲ್ಲಿ ಎತ್ತರದ ಕಟ್ಟಡ ಎಬ್ಬಿಸಬೇಕು. ಇಂಥ ಕಟ್ಟಡದಲ್ಲಿ ಸಾಲ ಮಾಡಿ ಫ್ಲ್ಯಾಟು ಕೊಂಡವರಿಗೆ ಒಂದು ದಿನ ಬಿಲ್ಡರನ ಕಚೇರಿಯಿಂದ ಕಾಗದ ಬರುತ್ತದೆ. ಸ್ಲ್ಯಾಬ್‌ಗಳ ಕಂತುಗಳೆಲ್ಲ ಒಟ್ಟಾಗಿ ಇಷ್ಟು, ಇಂಥ ದಿನದೊಳಗೆ ಕಟ್ಟಿ, ತಪ್ಪಿದರೆ ಬಡ್ಡಿ. ಕೊಂಡವರು ಹೋಗಿ ನೋಡಿದರೆ ಆರನೇ ಸ್ಲ್ಯಾಬು ಈಗಷ್ಟೇ ಬಿದ್ದಿದೆ. ಫೋನು ಮಾಡಿ ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: "ನಿಮ್ಮ ಲೋನ್ ಆಗಲೇ ಸ್ಯಾಂಕ್ಷನ್ ಆಗಿದೆಯಲ್ಲ? ಬ್ಯಾಂಕಿನವರು ಬಿಡುಗಡೆಯಾದ ದುಡ್ಡಿಗೆ ಮಾತ್ರ ಬಡ್ಡಿ ಹಾಕುತ್ತಾರೆ. ನಿಮಗೇನು ಭಾರ?"

ಈ ಮಾತಿನಲ್ಲಿ ಸುಳ್ಳಿಲ್ಲ. ಕಟ್ಟುತ್ತಿರುವ ಮನೆಗೆ ಸಾಲ ಕೊಡುವ ಬ್ಯಾಂಕು ಹಣವನ್ನು ಹಂತ ಹಂತವಾಗಿ ಬಿಡುತ್ತದೆ, ಬಿಟ್ಟಷ್ಟಕ್ಕೆ ಮಾತ್ರ ಬಡ್ಡಿ ಕೇಳುತ್ತದೆ. ಇದಕ್ಕೇ ಪ್ರೀ-ಇಎಂಐ ಎನ್ನುವುದು. ಆದರೆ ಈ ಏರ್ಪಾಡಿನಿಂದ ಸಾಲಗಾರನಿಗೆ ಲಾಭವಾಗುವುದು ಹಣವು ಕಟ್ಟಡದ ಹಿಂದೆ ನಡೆದಾಗ ಮಾತ್ರ. ಹಣ ಕಟ್ಟಡಕ್ಕಿಂತ ಮುಂದೆ ಓಡಿದ ದಿನ, ಬಿಡುಗಡೆಯಾದಷ್ಟಕ್ಕೇ ಬಡ್ಡಿ ಎಂಬ ಸೌಲಭ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಹಂತದ ಬಿಡುಗಡೆಯನ್ನು ಬ್ಯಾಂಕು ತೋರಿದ ರಿಯಾಯಿತಿ ಎಂದು ತಿಳಿಯಬಾರದು. ಕೊಂಡವರ ಕೈಯಲ್ಲಿರುವ ಬ್ರೇಕು ಅದೊಂದೇ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಫ್ಲ್ಯಾಟಿನ ಬೆಲೆ 1 ಕೋಟಿ 20 ಲಕ್ಷ, ಕಟ್ಟಡಕ್ಕೆ 20 ಸ್ಲ್ಯಾಬು ಎಂದುಕೊಳ್ಳಬಹುದು. 75 ಲಕ್ಷ ಮೀರಿದ ಗೃಹಸಾಲದಲ್ಲಿ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮನೆಯ ಬೆಲೆಯ ಶೇ 75ರಷ್ಟನ್ನು ಮಾತ್ರ ಕೊಡಬಹುದು. ಅಂದರೆ ಸಾಲ 90 ಲಕ್ಷ, ಕೈಯಿಂದ ಹಾಕಬೇಕಾದದ್ದು 30 ಲಕ್ಷ. ಬ್ಯಾಂಕು ಸಾಮಾನ್ಯವಾಗಿ ಈ 30 ಲಕ್ಷ ಮೊದಲು ಹೋಗಲಿ ಎನ್ನುತ್ತದೆ. ಅದು ಮುಗಿದ ಮೇಲೆ ಬರುವ ಪ್ರತಿಯೊಂದು ಕಂತೂ ಸಾಲದಿಂದಲೇ.

ಮಹಾರಾಷ್ಟ್ರದ ರೇರಾ ನಿಯಮಗಳ ಮಾದರಿ ಕರಾರಿನಲ್ಲಿ ಕಂತುಗಳಿಗೆ ಮಿತಿಯಿದೆ. ಕರಾರು ನೋಂದಣಿಯಾದ ಮೇಲೆ ಒಟ್ಟು ಶೇ 30 ಮೀರಬಾರದು. ಪ್ಲಿಂತ್ ಮುಗಿದಾಗ ಶೇ 45, ಎಲ್ಲ ಸ್ಲ್ಯಾಬುಗಳು ಮುಗಿದಾಗ ಶೇ 70. ಗೋಡೆ, ಒಳ ಪ್ಲಾಸ್ಟರು, ನೆಲಹಾಸು, ಬಾಗಿಲು ಕಿಟಕಿ ಆದಾಗ ಶೇ 75. ಹೀಗೆ ಏರುತ್ತ, ಲಿಫ್ಟು, ಪಂಪು, ವಿದ್ಯುತ್ ಕೆಲಸ ಮುಗಿದಾಗ ಶೇ 95. ಕೊನೆಯ ಶೇ 5 ಒಸಿ ಬಂದು ಬೀಗದ ಕೈ ಕೊಡುವಾಗ.

ಪ್ಲಿಂತ್‌ನ 45ಕ್ಕೂ ಸ್ಲ್ಯಾಬಿನ 70ಕ್ಕೂ ನಡುವೆ ಇರುವ ಶೇ 25ನ್ನು 20 ಸ್ಲ್ಯಾಬಿಗೆ ಹಂಚಿದರೆ ಒಂದೊಂದಕ್ಕೆ ಶೇ 1.25, ಅಂದರೆ ಒಂದೂವರೆ ಲಕ್ಷ. ಆರನೇ ಸ್ಲ್ಯಾಬು ಮುಗಿದಾಗ ಬಿಲ್ಡರನಿಗೆ ಸೇರಬೇಕಾದದ್ದು ಶೇ 52.5, ಅಂದರೆ 63 ಲಕ್ಷ. ಇದರಲ್ಲಿ ಸಾಲದ ಪಾಲು 33 ಲಕ್ಷ. ಶೇ 8.5ರ ದರದಲ್ಲಿ ತಿಂಗಳ ಬಡ್ಡಿ 23,375 ರೂಪಾಯಿ. ಬಿಲ್ಡರನು ಆಗಲೇ ಶೇ 70 ಕೇಳಿ, ಬ್ಯಾಂಕೂ ಕೊಟ್ಟುಬಿಟ್ಟರೆ ಸಾಲದ ಪಾಲು 54 ಲಕ್ಷಕ್ಕೆ ಏರುತ್ತದೆ, ಬಡ್ಡಿ 38,250ಕ್ಕೆ. ಇನ್ನೂ ಹುಟ್ಟದ 14 ಮಹಡಿಗಳಿಗಾಗಿ ತಿಂಗಳಿಗೆ 14,875 ರೂಪಾಯಿ ಹೆಚ್ಚು.

ಕೆಲಸ ಚೆನ್ನಾಗಿ ನಡೆದು ತಿಂಗಳಿಗೊಂದು ಸ್ಲ್ಯಾಬು ಬಿದ್ದರೆ ಈ ಅಂತರ ಕರಗುತ್ತ ಬಂದು, 14 ತಿಂಗಳಲ್ಲಿ ಸುಮಾರು 1 ಲಕ್ಷ 11 ಸಾವಿರ ನಷ್ಟವಾಗಿ ನಿಲ್ಲುತ್ತದೆ. ನೋವಾದರೂ ತಡೆದುಕೊಳ್ಳಬಹುದು. ಆದರೆ ಕೆಲಸ ಆರನೇ ಮಹಡಿಯಲ್ಲೇ ಎರಡು ವರ್ಷ ನಿಂತುಹೋದರೆ? 3 ಲಕ್ಷ 57 ಸಾವಿರ ಬರೀ ಬಡ್ಡಿಗೆ ಹೋಗುತ್ತದೆ, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಜೊತೆಗೆ 21 ಲಕ್ಷ ಅಸಲು ಕಟ್ಟಡದಲ್ಲಿ ಕಾಣದ ಹಣವಾಗಿ ಬಿಲ್ಡರನ ಕಡೆ ಉಳಿಯುತ್ತದೆ. ಇರುವ ಮನೆಯ ಬಾಡಿಗೆ ಬೇರೆ ಹೋಗುತ್ತಲೇ ಇರುತ್ತದೆ.

ಬಿಲ್ಡರನ ಕಡೆಯ ವಾದಕ್ಕೂ ಬೆಲೆಯಿದೆ. ಮರುನಿರ್ಮಾಣದಲ್ಲಿ ಮೊದಲ ಕಲ್ಲು ಇಡುವ ಮುಂಚೆಯೇ ದೊಡ್ಡ ಖರ್ಚು ಬರುತ್ತದೆ. ಪಾಲಿಕೆಗೆ ಪ್ರೀಮಿಯಂ ಕಟ್ಟಬೇಕು, ಹಳೆಯ ನಿವಾಸಿಗಳಿಗೆ ಬೇರೆ ಕಡೆ ಇರಲು ತಿಂಗಳ ಬಾಡಿಗೆ ಕೊಡಬೇಕು, ಅವರಿಗೆ ಹೊಸ ಮನೆಯನ್ನೂ ಕಟ್ಟಿಕೊಡಬೇಕು. ಇದಿಷ್ಟೂ ಹುಟ್ಟಬೇಕಾದದ್ದು ಮಾರುವ ಫ್ಲ್ಯಾಟುಗಳಿಂದ. ಪ್ಲಿಂತ್‌ಗೂ ಮುಂಚೆ ಶೇ 30 ಪಡೆಯಲು ನಿಯಮ ಬಿಟ್ಟಿರುವುದಕ್ಕೆ ಇಂಥ ಖರ್ಚನ್ನು ಸಮರ್ಥನೆಯಾಗಿ ಹೇಳಬಹುದು. ಆದರೆ ಆ ಖರ್ಚಿನ ಲೆಕ್ಕ ಆ ಶೇ 30ರಲ್ಲೇ ಸೇರಿಹೋಗಿದೆ. ಅದೇ ಕಾರಣವನ್ನು ಮತ್ತೆ ಹೇಳಿ, ಬೀಳದ ಸ್ಲ್ಯಾಬಿನ ಹಣವನ್ನೂ ಕೇಳುವುದು ಒಂದೇ ಬಿಲ್ಲನ್ನು ಎರಡು ಸಲ ತೋರಿಸಿದಂತೆ.

ಜೋಗೇಶ್ವರಿಯಂಥ ಕಡೆ ಮೋಸ ಹೋಗುವ ಇನ್ನೊಂದು ಜಾಗವಿದೆ. ಒಂದೇ ಪ್ಲಾಟಿನಲ್ಲಿ ಹಳೆಯ ನಿವಾಸಿಗಳಿಗೊಂದು ವಿಂಗು, ಮಾರಾಟಕ್ಕೊಂದು ವಿಂಗು ಇರಬಹುದು. ಕಾಗದದ ಜೊತೆ ಬರುವ ಫೋಟೋದಲ್ಲಿ ಹದಿನೈದನೇ ಮಹಡಿ ಕಾಣುತ್ತದೆ, ಆದರೆ ಅದು ಇನ್ನೊಂದು ವಿಂಗಿನದು. ಕರಾರಿನ ಕಂತು ಕೊಂಡವರ ವಿಂಗಿಗೆ ಕಟ್ಟಿಬಿದ್ದದ್ದು, ಪಕ್ಕದ ವಿಂಗಿಗಲ್ಲ. ಪೋಡಿಯಂ ಪಾರ್ಕಿಂಗಿನ ಸ್ಲ್ಯಾಬುಗಳು 20ರ ಲೆಕ್ಕದಲ್ಲಿ ಸೇರಿವೆಯೋ ಇಲ್ಲವೋ ಎಂಬುದೂ ಕರಾರಿನಲ್ಲಿ ಬಿಡಿಸಿ ಬರೆದಿರಬೇಕು. ಎಷ್ಟೋ ಕರಾರುಗಳಲ್ಲಿ "ಸ್ಲ್ಯಾಬುಗಳಿಗೆ ಶೇ 25" ಎಂದು ಒಂದೇ ಸಾಲು ಇರುತ್ತದೆ. ಜಗಳ ಹುಟ್ಟುವುದು ಆ ಸಾಲಿನಲ್ಲಿ. ಅದನ್ನು ಸ್ಲ್ಯಾಬುವಾರು ಬಿಡಿಸಿಕೊಳ್ಳಲು ಸರಿಯಾದ ಕಾಲ ನೋಂದಣಿಗೆ ಮುಂಚಿನದು. ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಅಂದರೆ ಚೌಕಾಸಿಗೆ ಕೂರುವಾಗ ಹಣದ ದೊಡ್ಡ ಪಾಲು ಇನ್ನೂ ಕೊಂಡವರ ಕೈಯಲ್ಲೇ ಇರುತ್ತದೆ.

ನೋಂದಣಿ ಆಗಿಹೋಗಿ, ಅವಸರದ ಕಾಗದ ಬಂದೂ ಆಗಿದ್ದರೆ? ಬಹಳ ಮಂದಿ ಮಾಡುವ ತಪ್ಪು ಸುಮ್ಮನಿರುವುದು. ಮಾದರಿ ಕರಾರಿನಲ್ಲಿ ಮೂರು ಕಂತು ತಪ್ಪಿದರೆ, ಹದಿನೈದು ದಿನದ ನೋಟಿಸು ಕೊಟ್ಟು ಕರಾರನ್ನೇ ರದ್ದು ಮಾಡಲು ಬಿಲ್ಡರನಿಗೆ ಅವಕಾಶವಿದೆ. ತಡವಾದ ಕಂತಿಗೆ ಬಡ್ಡಿಯೂ ಬೀಳುತ್ತದೆ. ಅದರ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್‌ಗಿಂತ ಶೇ 2 ಮೇಲೆ, ಅಂದರೆ ಗೃಹಸಾಲದ ದರಕ್ಕಿಂತ ದುಬಾರಿ. ಆದ್ದರಿಂದ ಗಡುವು ಮುಗಿಯುವ ಮುಂಚೆ ಬರಹದಲ್ಲೇ ಉತ್ತರ ಹೋಗಬೇಕು: ಆರನೇ ಸ್ಲ್ಯಾಬಿನವರೆಗಿನ ಬಾಕಿಯನ್ನು ಒಪ್ಪಿ ಕಟ್ಟುತ್ತಿದ್ದೇವೆ, ಉಳಿದದ್ದಕ್ಕೆ ಈ ವಿಂಗಿನ ಆರ್ಕಿಟೆಕ್ಟ್ ಪ್ರಮಾಣಪತ್ರ ಕಳಿಸಿ ಎಂದು.

ಆ ಪ್ರಮಾಣಪತ್ರ ಬಿಲ್ಡರನಿಗೆ ಹೊಸ ಹೊರೆಯಲ್ಲ. ಕೊಂಡವರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಆರ್ಕಿಟೆಕ್ಟ್, ಎಂಜಿನಿಯರ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಸಹಿ ಮಾಡಿದ ಮೇಲೆ ಆದ ಕೆಲಸಕ್ಕೆ ತಕ್ಕಷ್ಟೇ ತೆಗೆಯಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಮಹಾರೇರಾದಲ್ಲಿ ಆರ್ಕಿಟೆಕ್ಟ್ ಕೊಡುವುದು ಫಾರ್ಮ್ 1. ಯಾವ ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂಬ ಕೋಷ್ಟಕ ಅದರಲ್ಲಿ ಕಟ್ಟಡವಾರು ಇರುತ್ತದೆ. ಬ್ಯಾಂಕಿಗೂ ಕಾಗದ ಕಳಿಸಿ, ವ್ಯಾಲ್ಯೂಯರ್ ಸ್ಥಳಕ್ಕೆ ಹೋಗಿ ನೋಡಲಿ ಎಂದು ಕೇಳಬೇಕು. ಅವರು ಇಷ್ಟೇ ಬಿಡಬಹುದು ಎಂದರೆ ಆ ಮಾತನ್ನು ಇಮೇಲ್‌ನಲ್ಲಿ ಪಡೆದು ಬಿಲ್ಡರನಿಗೆ ರವಾನಿಸಬೇಕು. ನಾಳೆ ಬಡ್ಡಿಯ ವಿಷಯ ಮಹಾರೇರಾಕ್ಕೆ ಹೋದರೆ, ಕೊಂಡವರು ದುಡ್ಡಿಲ್ಲದೆ ತಪ್ಪಿಸಿಕೊಂಡರೋ, ಕೆಲಸವಾಗದೆ ತಡೆದರೋ ಎಂಬುದನ್ನು ತೋರಿಸುವುದು ಈ ಕಾಗದಗಳೇ.

ಬ್ಯಾಂಕುಗಳು ಇಲ್ಲಿ ಬರೀ ಪ್ರೇಕ್ಷಕರಲ್ಲ. 80:20, 75:25 ಎಂಬ ಹೆಸರಿನ ಯೋಜನೆಗಳಲ್ಲಿ ಸಾಲವನ್ನು ಮುಂಗಡವಾಗಿಯೇ ಬಿಲ್ಡರನಿಗೆ ಕೊಡುವುದನ್ನು ಕಂಡು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಬಿಡುಗಡೆಯು ನಿರ್ಮಾಣದ ಹಂತಕ್ಕೆ ಅಂಟಿಕೊಂಡಿರಬೇಕು, ಮುಗಿಯದ ಕಟ್ಟಡಕ್ಕೆ ಪೂರ್ತಿ ಹಣ ಮುಂಗಡ ಕೊಡಬಾರದು ಎಂದಿತು. ದೆಹಲಿ ಸುತ್ತಮುತ್ತ ಬಿಲ್ಡರುಗಳೇ ಬಡ್ಡಿ ಕಟ್ಟುತ್ತೇವೆ ಎಂದು ನಂಬಿಸಿ ಸಾಲದ ದೊಡ್ಡ ಪಾಲನ್ನು ಎಳೆದುಕೊಂಡರು, ಆಮೇಲೆ ಬಡ್ಡಿ ನಿಲ್ಲಿಸಿದರು. ಬ್ಯಾಂಕುಗಳು ಮನೆಯೇ ಸಿಗದವರ ಬಾಗಿಲಿಗೆ ಬಂದವು. ಬಿಲ್ಡರ್-ಬ್ಯಾಂಕುಗಳ ಈ ನಂಟನ್ನು ತನಿಖೆ ಮಾಡಲು 2025ರಲ್ಲಿ ಸುಪ್ರೀಂ ಕೋರ್ಟು ಸಿಬಿಐಗೆ ಹೇಳಬೇಕಾಯಿತು. ಜೋಗೇಶ್ವರಿಯ ಅವಸರದ ಕಾಗದ ಅಷ್ಟು ದೊಡ್ಡ ವಂಚನೆಯಲ್ಲದಿರಬಹುದು. ಆದರೆ ಹಣ ಕೆಲಸವನ್ನು ಹಿಂದೆ ಹಾಕುವುದು ಎರಡರಲ್ಲೂ ಒಂದೇ.

ತಿದ್ದಬೇಕಾದದ್ದು ಹೆಚ್ಚಿಲ್ಲ. ಆಯಾ ವಿಂಗಿನ ಪ್ರಮಾಣಪತ್ರ ಲಗತ್ತಾಗದ ಕಂತಿನ ಕಾಗದಕ್ಕೆ ಬೆಲೆಯಿಲ್ಲ ಎಂದು ಮಹಾರೇರಾ ನೇರವಾಗಿ ಸಾರಬೇಕು. ತಡದ ಬಡ್ಡಿಯ ಗಡಿಯಾರ ಬಿಲ್ಡರನು ಕಾಗದ ಟೈಪು ಮಾಡಿದ ದಿನದಿಂದಲ್ಲ, ಪ್ರಮಾಣಪತ್ರ ಕೊಂಡವರ ಕೈ ಸೇರಿದ ದಿನದಿಂದ ಓಡಬೇಕು. ಕಂತಿನ ಕೋಷ್ಟಕವನ್ನೂ ಮತ್ತೆ ನೋಡಬೇಕು. ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಬರೀ ಅಸ್ಥಿಪಂಜರ ನಿಂತಾಗಲೇ ಶೇ 70 ಹೋಗಿರುತ್ತದೆ. ಗೋಡೆ, ನೀರು, ಲಿಫ್ಟು, ಒಸಿ ಎಂಬ ಮನೆಯನ್ನು ಮನೆಯಾಗಿಸುವ ಕೆಲಸಕ್ಕೆ ಬಿಲ್ಡರನನ್ನು ಎಳೆಯಲು ಉಳಿಯುವುದು ಶೇ 30 ಮಾತ್ರ.

ಅಲ್ಲಿಯವರೆಗೆ ಉಳಿದಿರುವ ಬ್ರೇಕು ಕೊಂಡವರ ಸಹಿ. ಹಣ ಬಿಡಿ ಎಂದು ಬ್ಯಾಂಕಿಗೆ ಸಾಮಾನ್ಯವಾಗಿ ಅವರೇ ಬರೆದುಕೊಡಬೇಕು. ಆ ಅರ್ಜಿಗೆ ಸಹಿ ಹಾಕುವ ಮುಂಚೆ ಒಂದು ಭಾನುವಾರ ಜಾಗಕ್ಕೆ ಹೋಗಿ ತಮ್ಮ ವಿಂಗಿನ ಸ್ಲ್ಯಾಬುಗಳನ್ನು ಕೆಳಗಿನಿಂದ ಒಂದೊಂದಾಗಿ ಎಣಿಸಿ ಬಂದರೆ, ತಿಂಗಳಿಗೆ ಹದಿನೈದು ಸಾವಿರದ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.