ಇಲಿಗೆ ವಿಷ ಬೇಡ, ಗಾಡಿಯ ಜಾಗ ಬದಲಿಸಿ

ಸುಗ್ಗಿ ಮುಗಿದರೆ ನಮ್ಮ ಗಾಡಿ ನಿಲ್ಲುವುದೇ ಹುಲ್ಲಿನ ಬಣವೆ ಪಕ್ಕ. ಇಲಿಯ ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಬೆಚ್ಚಗಿನ ಇಂಜಿನ್ ಪಕ್ಕ ಬಾಯಿಗೆ ಸಿಗುವುದು ವೈರು.

ಇದಕ್ಕೆ ವಿಷ ಇಡುವುದು ನನಗೆ ಸರಿ ಕಾಣದು. ಇಲಿ ಗಾಡಿಯೊಳಗೇ ಸತ್ತು ನಾರಬಹುದು, ಅದನ್ನು ತಿಂದ ಬೆಕ್ಕು, ಗೂಬೆಯೂ ಸಾಯಬಹುದು. ಹೊಗೆಸೊಪ್ಪಿನ ಘಾಟು ಕೆಲವೇ ದಿನ.

ಗಾಡಿಯನ್ನು ಹುಲ್ಲು, ಹಿಂಡಿ ಚೀಲದಿಂದ ದೂರ ನಿಲ್ಲಿಸಿ. ಕಾರಾದರೆ ಶೆಡ್ಡಿನೊಳಗೆ ರಾತ್ರಿ ಬಾನೆಟ್ ಎತ್ತಿಡಿ. ಮರೆ ಇಲ್ಲದ ಕಡೆ ಇಲಿ ಗೂಡು ಕಟ್ಟುವುದು ಕಡಿಮೆ. ಸ್ಕೂಟರಾದರೆ ಎರಡು ದಿನಕ್ಕೊಮ್ಮೆ ಸೀಟು ಎತ್ತಿ ನೋಡಿ. ಹಿಕ್ಕೆ, ಹುಲ್ಲಿನ ಎಳೆ ಕಂಡರೆ ಆಗಲೇ ತೆಗೆದು ಹಾಕಿ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಕೀ ತಿರುಗಿಸಬೇಡಿ, ಪೈಪನ್ನೂ ಕಡಿದಿರಬಹುದು. ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.